‘ಕನ್ನಡ’ಕ್ಕೆ ಎಷ್ಟು ಬೈಟ್ ಬೇಕು?

ಕಾಲೇಜಿನಲ್ಲಿ ಸಿ ಭಾಷೆಯ ಕಾರ್ಯಾಗಾರ ಎಂದಾಕ್ಷಣ ಎದುರು ಕೂತ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಒಂದೇ ಪ್ರಶ್ನೆ ಇರುತ್ತದೆ. ಪೈಥಾನ್‌ನಲ್ಲಿ ನಾಲ್ಕು ಸಾಲಿಗೆ ಮುಗಿಯುವ ಕೆಲಸಕ್ಕೆ ಐವತ್ತು ವರ್ಷ ದಾಟಿದ ಭಾಷೆಯೊಂದನ್ನು ಈಗ ಯಾಕೆ ಕಲಿಯಬೇಕು? ನ್ಯಾಯವಾದ ಪ್ರಶ್ನೆ. ಕಾರ್ಯಾಗಾರದ ಮೊದಲ ಮಾತು ಇದಕ್ಕೇ ಉತ್ತರ ಕೊಡಬೇಕು. ಲಿನಕ್ಸ್ ಕರ್ನಲ್, ಗಿಟ್, ಎಸ್‌ಕ್ಯೂಎಲೈಟ್ ಎಲ್ಲ ಸಿಯಲ್ಲೇ ಬರೆದವು ಎಂದು ಪಟ್ಟಿ ಓದಬಹುದು, ಅದು ನಿಜವೂ ಹೌದು. ಆದರೆ ಪಟ್ಟಿ ಕೇಳಿ ಯಾರಿಗೂ ಕಲಿಯುವ ಆಸೆ ಹುಟ್ಟುವುದಿಲ್ಲ. ಅದಕ್ಕಿಂತ ಪರದೆಯ ಮೇಲೆ ಈ ಪುಟ್ಟ ಪ್ರೋಗ್ರಾಂ ಹಾಕಿ, ಉತ್ತರ ಎಷ್ಟು ಬರಬಹುದು ಎಂದು ಕೇಳುವುದು ಮೇಲು.

```c
#include <stdio.h>
#include <string.h>

int main(void)
{
    char pada[] = "ಕನ್ನಡ";
    printf("%zu %zu\n", strlen(pada), sizeof pada);
    return 0;
}
```

ಕಣ್ಣಿಗೆ ಕಾಣುವುದು ಮೂರು ಅಕ್ಷರ: ಕ, ನ್ನ, ಡ. ಹಾಗಾಗಿ ಮೂರು ಎನ್ನುವವರೇ ಹೆಚ್ಚು. ಪೈಥಾನ್‌ನಲ್ಲಿ `len("ಕನ್ನಡ")` ಎಂದು ಕೇಳಿದರೆ 5 ಎನ್ನುತ್ತದೆ. ಮೇಲಿನ ಪ್ರೋಗ್ರಾಮನ್ನು ಲಿನಕ್ಸ್ ಯಂತ್ರದಲ್ಲಿ ಓಡಿಸಿದರೆ ಬರುವುದು `15 16`.

ಮೂರೂ ಲೆಕ್ಕ ಸರಿಯೇ, ಎಣಿಸಿದ ವಸ್ತು ಮಾತ್ರ ಬೇರೆ ಬೇರೆ. ಯೂನಿಕೋಡ್‌ನಲ್ಲಿ ಈ ಪದ ಕ, ನ, ವಿರಾಮ ಚಿಹ್ನೆ, ಮತ್ತೆ ನ, ಡ ಎಂದು ಐದು ಸಂಕೇತಗಳಾಗಿ ದಾಖಲಾಗುತ್ತದೆ. ಪೈಥಾನ್ ಹೇಳಿದ್ದು ಈ ಐದನ್ನು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಜಾಗ ಬೇಕು. ಹೀಗೆ ಐದಕ್ಕೆ ಹದಿನೈದಾಯಿತು. ಇಲ್ಲಿಗೆ ಪದ ಮುಗಿಯಿತು ಎಂದು ಸೂಚಿಸಲು ಸಿ ಕೊನೆಯಲ್ಲಿ ಸೊನ್ನೆಯ ಬೈಟೊಂದನ್ನು ತಾನೇ ಸೇರಿಸುತ್ತದೆ, ಹದಿನಾರನೆಯದು ಅದು. ಅಂದರೆ ಸಿ ಕೊಟ್ಟ ಉತ್ತರ ಯಂತ್ರದ ನೆನಪಿನಲ್ಲಿ ನಿಜವಾಗಿ ಕೂತಿರುವ ವಸ್ತುವಿನ ಲೆಕ್ಕ. ಪೈಥಾನ್ ಇದನ್ನು ಮರೆಮಾಡಿ ಉಪಕಾರವನ್ನೇ ಮಾಡಿದೆ. ಆದರೆ ಆ ಪೈಥಾನ್‌ಗೆ 5 ಎಂದು ಹೇಳಿಕೊಟ್ಟದ್ದು ಯಾರು? ಬಹುತೇಕ ಎಲ್ಲರೂ ಬಳಸುವ ಸಿಪೈಥಾನ್ ಎಂಬ ಆವೃತ್ತಿ ಬರೆಯಲಾಗಿರುವುದೇ ಸಿಯಲ್ಲಿ. ಅದರೊಳಗೆ ಪ್ರತಿ ಪದದ ಜೊತೆಗೂ ಅದರ ಉದ್ದವನ್ನು ಬರೆದಿಡುವ ಒಂದು ಸಿ ಸ್ಟ್ರಕ್ಚರ್ ಇದೆ.

ಸಿ ಮಾತ್ರ ತನ್ನ ಪದಗಳ ಉದ್ದವನ್ನು ಎಲ್ಲಿಯೂ ಬರೆದಿಡುವುದಿಲ್ಲ. ಪದ ಎಲ್ಲಿ ಶುರುವಾಗುತ್ತದೆ ಎಂಬ ವಿಳಾಸವೊಂದೇ ಅದಕ್ಕೆ ಗೊತ್ತು. `strlen` ಪ್ರತಿಸಲವೂ ಆ ವಿಳಾಸದಿಂದ ಹೊರಟು, ಸೊನ್ನೆ ಸಿಗುವವರೆಗೆ ಒಂದೊಂದೇ ಬೈಟ್ ಎಣಿಸುತ್ತಾ ಹೋಗುತ್ತದೆ. ಸೊನ್ನೆ ಅಳಿಸಿಹೋಗಿದ್ದರೆ ಪಕ್ಕದ ಜಾಗಕ್ಕೂ ನುಗ್ಗಿ ಎಣಿಸುತ್ತದೆ. ಒಂದು ಅರೇಯನ್ನು ಫಂಕ್ಷನ್‌ಗೆ ಕಳಿಸಿದಾಗಲೂ ಒಳಗೆ ತಲುಪುವುದು ವಿಳಾಸ ಮಾತ್ರ. ಅಲ್ಲಿ `sizeof` ಕೇಳಿದರೆ ಈಗಿನ 64 ಬಿಟ್ ಯಂತ್ರಗಳಲ್ಲಿ 8 ಎಂದು ಬರುತ್ತದೆ, ಅದು ವಿಳಾಸದ ಅಳತೆ. ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವುದು ಇಲ್ಲೇ, ಕೆಲಸಕ್ಕೆ ಸೇರಿದ ಮೇಲೆ ನಿದ್ದೆ ಕಳೆದುಕೊಳ್ಳುವುದೂ ಇಲ್ಲೇ.

ಹೀಗೇಕೆ ಮಾಡಿದರು? ಸಿ ರೂಪುಗೊಂಡದ್ದು 1970ರ ದಶಕದ ಆರಂಭದಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ, ಡೆನಿಸ್ ರಿಚಿಯವರ ಕೈಯಲ್ಲಿ. 1973ರಲ್ಲಿ ಯುನಿಕ್ಸ್ ಕರ್ನಲ್ಲನ್ನು ಅದರಲ್ಲೇ ಹೊಸದಾಗಿ ಬರೆದರು. ಸಿಯ ಪೂರ್ವಜನಾದ ಬಿಸಿಪಿಎಲ್‌ನಲ್ಲಿ ಪದದ ಮೊದಲಿಗೇ ಅದರ ಉದ್ದವನ್ನು ಇಡುವ ರೂಢಿಯಿತ್ತು. ಅದಕ್ಕೆ ಕೊಟ್ಟಿದ್ದ ಜಾಗ ಚಿಕ್ಕದಾದ್ದರಿಂದ ಪದದ ಉದ್ದಕ್ಕೂ ಒಂದು ಮಿತಿ ಬೀಳುತ್ತಿತ್ತು. ಕೆನ್ ಥಾಮ್ಸನ್ ತಮ್ಮ ಬಿ ಭಾಷೆಯಲ್ಲಿ ಆ ರೂಢಿ ಬಿಟ್ಟು ಕೊನೆಗೆ ಗುರುತು ಹಾಕುವ ದಾರಿ ಹಿಡಿದರು. ಒಂದು ಕಾರಣ ಆ ಮಿತಿ, ಇನ್ನೊಂದು ಕಾರಣ ಉದ್ದವನ್ನು ಸದಾ ಸರಿಪಡಿಸುತ್ತಿರುವುದಕ್ಕಿಂತ ಗುರುತು ಹಾಕುವುದೇ ಸಲೀಸು ಎಂಬ ಅನುಭವ ಎಂದು ರಿಚಿ 1993ರಲ್ಲಿ ಬರೆದ ಸಿಯ ಚರಿತ್ರೆಯಲ್ಲಿ ವಿವರಿಸಿದ್ದಾರೆ. ಆ ಕಾಲದ ಪುಟ್ಟ ಯಂತ್ರಗಳಿಗೆ ಅದು ಒಪ್ಪುವ ತೀರ್ಮಾನ. ಅದರ ಬೆಲೆಯನ್ನು ಮುಂದಿನ ತಲೆಮಾರುಗಳು ತೆತ್ತವು, ಈಗಲೂ ತೆರುತ್ತಿವೆ.

ಆ ಬೆಲೆ ಎಂಥದ್ದೆಂದು ಲ್ಯಾಬಿನಲ್ಲೇ ನೋಡಬಹುದು. ಹೆಸರು ಓದಿಕೊಳ್ಳುವ ಈ ಎರಡು ಸಾಲುಗಳನ್ನು ಬರೆಯದ ವಿದ್ಯಾರ್ಥಿ ಇರಲಾರ:

```c
char hesaru[10];
scanf("%s", hesaru);
```

`Ravi` ಎಂದು ಟೈಪ್ ಮಾಡಿದರೆ ಐದು ಬೈಟ್, ತೊಂದರೆಯಿಲ್ಲ. ಕನ್ನಡದಲ್ಲಿ ‘ರವಿ’ ಎಂದರೆ ಮೂರು ಸಂಕೇತ, ಒಂಬತ್ತು ಬೈಟ್, ಕೊನೆಯ ಸೊನ್ನೆ ಸೇರಿ ಸರಿಯಾಗಿ ಹತ್ತು. ಕೂದಲೆಳೆಯಲ್ಲಿ ಪಾರು. ‘ರಾಜು’ ಎಂದು ಬರೆದರೆ ನಾಲ್ಕು ಸಂಕೇತ, ಹದಿಮೂರು ಬೈಟ್. ಮೂರು ಬೈಟ್ ಹೊರಗೆ ಚೆಲ್ಲಿತು. ಆಮೇಲೆ ಏನಾಗುತ್ತದೆ ಎಂಬುದಕ್ಕೆ ಭಾಷೆಯ ನಿಯಮದಲ್ಲಿ ಉತ್ತರವೇ ಇಲ್ಲ. ಒಂದು ಯಂತ್ರದಲ್ಲಿ `stack smashing detected` ಎಂದು ಪ್ರೋಗ್ರಾಂ ನಿಲ್ಲಬಹುದು, ಇನ್ನೊಂದರಲ್ಲಿ ಪಕ್ಕದ ವೇರಿಯಬಲ್‌ನ ಬೆಲೆ ಸದ್ದಿಲ್ಲದೆ ಬದಲಾಗಬಹುದು, ಮತ್ತೊಂದರಲ್ಲಿ ಎಲ್ಲ ಸರಿಯಿದ್ದಂತೆಯೇ ಕಾಣಬಹುದು. ಮೂರನೆಯದೇ ಅತಿ ಕೆಟ್ಟದ್ದು. ರವಿಗೆ ನಡೆದ ಪ್ರೋಗ್ರಾಂ ಸರಿಯಿದೆ ಎಂದು ನಂಬಿ ಎಲ್ಲರಿಗೂ ಕೊಟ್ಟುಬಿಟ್ಟಿರುತ್ತೇವೆ.

`%s` ಬದಲು `%9s` ಎಂದರೆ ಚೆಲ್ಲುವುದೇನೋ ನಿಲ್ಲುತ್ತದೆ. ಆದರೆ ಒಂಬತ್ತು ಬೈಟಿಗೆ ಕತ್ತರಿ ಬಿದ್ದು ‘ರಾಜು’ ಹೋಗಿ ‘ರಾಜ’ ಉಳಿಯುತ್ತದೆ. ಜಾಗವನ್ನು ಹನ್ನೆರಡಕ್ಕೆ ಏರಿಸಿ `%11s` ಕೊಟ್ಟರೆ ಉಕಾರದ ಮೂರು ಬೈಟುಗಳಲ್ಲಿ ಎರಡು ಒಳಗೆ, ಒಂದು ಹೊರಗೆ. ಆಗ ಹೆಸರಿನ ಬಾಲದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಕಪ್ಪು ವಜ್ರವೋ, ಖಾಲಿ ಚೌಕವೋ ಮೂಡುತ್ತದೆ. ಕನ್ನಡದ ಹೆಸರು ಕೊನೆಯಲ್ಲಿ ಇಂಥ ಚಿಹ್ನೆಯೊಂದಿಗೆ ಮುರಿದುಬಿದ್ದಿರುವುದನ್ನು ಕಂಡಾಗ, ಅಕ್ಷರ ಎಣಿಸಬೇಕಾದಲ್ಲಿ ಬೈಟ್ ಎಣಿಸಿದ್ದಾರೆಯೇ ಎಂಬ ಅನುಮಾನವನ್ನು ಮೊದಲು ಪರಿಶೀಲಿಸಬೇಕು. ಸಿ ಕಲಿತವನಿಗೆ ಆ ಅನುಮಾನ ತಾನಾಗಿ ಬರುತ್ತದೆ. ಕನ್ನಡದಲ್ಲಿ ಸಾಫ್ಟ್‌ವೇರ್ ಬೆಳೆಯಬೇಕೆಂದು ಬಯಸುವವರಿಗಂತೂ ಈ ಅರಿವು ಬೇಕೇ ಬೇಕು.

ಇದೇ ತಪ್ಪಿನ ದೊಡ್ಡ ರೂಪ 2014ರ ಏಪ್ರಿಲ್ 7ರಂದು ಜಗತ್ತಿಗೆ ಗೊತ್ತಾಯಿತು. ಅದರ ಹೆಸರು ಹಾರ್ಟ್‌ಬ್ಲೀಡ್. ಬ್ಯಾಂಕು, ಇಮೇಲ್, ಅಂಗಡಿಗಳ ಜಾಲತಾಣಗಳಿಗೂ ನಮಗೂ ನಡುವಿನ ಮಾತನ್ನು ಗುಟ್ಟಾಗಿಡುವ ಓಪನ್ಎಸ್ಎಸ್ಎಲ್ ಎಂಬ ಸಿ ಲೈಬ್ರರಿಯಲ್ಲಿ ಸಿಕ್ಕ ದೋಷವದು. ಗೂಗಲ್‌ನ ನೀಲ್ ಮೆಹ್ತಾ ಮತ್ತು ಫಿನ್ಲೆಂಡಿನ ಕೊಡೆನಾಮಿಕಾನ್ ಸಂಸ್ಥೆಯ ಇಂಜಿನಿಯರುಗಳು ಬೇರೆ ಬೇರೆಯಾಗಿ ಅದನ್ನು ಪತ್ತೆಹಚ್ಚಿದರು. ಅಷ್ಟು ಹೊತ್ತಿಗೆ ಆ ದೋಷ ಬಳಕೆಗೆ ಬಂದು ಎರಡು ವರ್ಷ ಕಳೆದಿತ್ತು.

ನಡೆದದ್ದು ಇಷ್ಟು. ಸಂಪರ್ಕ ಜೀವಂತವಾಗಿದೆಯೇ ಎಂದು ತಿಳಿಯಲು ಒಂದು ಕಡೆಯವರು ಸಣ್ಣ ಸಂದೇಶ ಕಳಿಸುತ್ತಾರೆ, ಇನ್ನೊಂದು ಕಡೆಯವರು ಅದನ್ನೇ ಮರಳಿಸಬೇಕು. ಸಂದೇಶದ ಮೊದಲ ಬೈಟ್ ಅದರ ಬಗೆಯನ್ನು ಹೇಳುತ್ತದೆ. ಮುಂದಿನ ಎರಡು ಬೈಟ್ ಒಳಗಿನ ಮಾತಿನ ಉದ್ದವನ್ನು ಹೇಳುತ್ತವೆ. ಆಮೇಲೆ ಮಾತು, ಅದರ ಹಿಂದೆ ಕನಿಷ್ಠ ಹದಿನಾರು ಬೈಟ್ ಭರ್ತಿ. ಎರಡು ಬೈಟಿನಲ್ಲಿ ಹೇಳಬಹುದಾದ ಅತಿ ದೊಡ್ಡ ಸಂಖ್ಯೆ 65,535. ಸರ್ವರ್ ಉತ್ತರ ಸಿದ್ಧಪಡಿಸುತ್ತಿದ್ದ ಸಾಲು ಹೀಗಿತ್ತು:

```c
memcpy(bp, pl, payload);
```

`pl` ಎಂಬ ವಿಳಾಸದಿಂದ `bp` ಎಂಬ ವಿಳಾಸಕ್ಕೆ `payload` ಬೈಟುಗಳನ್ನು ನಕಲು ಮಾಡು ಎಂದರ್ಥ. ಆ `payload` ಸಂಖ್ಯೆ ಬಂದದ್ದು ಕಳಿಸಿದವನ ಬಾಯಿಂದಲೇ. ಒಂದೇ ಒಂದು ಬೈಟ್ ಮಾತು ಕಳಿಸಿ ಅದು 65,535 ಬೈಟ್ ಉದ್ದವಿದೆ ಎಂದು ಸುಳ್ಳು ಹೇಳಿದರೂ ಸರ್ವರ್ ನಂಬುತ್ತಿತ್ತು. ಬಂದ ಒಂದು ಬೈಟನ್ನೂ, ನೆನಪಿನಲ್ಲಿ ಅದರ ಪಕ್ಕಕ್ಕಿದ್ದ ಬೇರೆಯವರ ಪಾಸ್‌ವರ್ಡು, ಲಾಗಿನ್ ಗುರುತು, ಕೆಲವೊಮ್ಮೆ ಸರ್ವರ್‌ನ ಗುಪ್ತ ಕೀಲಿಯನ್ನೂ ಸೇರಿಸಿ ಸುಮಾರು 64 ಕಿಲೋಬೈಟ್ ಕೈಗಿಡುತ್ತಿತ್ತು. ಓದುವ ತಪ್ಪಾದ್ದರಿಂದ ಪ್ರೋಗ್ರಾಂ ಸಾಮಾನ್ಯವಾಗಿ ಕುಸಿಯುತ್ತಲೂ ಇರಲಿಲ್ಲ, ಮಾಮೂಲಿ ದಾಖಲೆಗಳಲ್ಲಿ ಸುಳಿವೂ ಉಳಿಯುತ್ತಿರಲಿಲ್ಲ. ಕೆನಡಾದ ಕಂದಾಯ ಇಲಾಖೆಯಿಂದ ಸುಮಾರು 900 ತೆರಿಗೆದಾರರ ಸಾಮಾಜಿಕ ವಿಮಾ ಸಂಖ್ಯೆಗಳು ಹೀಗೇ ಕಳುವಾದವು.

ಸರಿಪಡಿಸಿದ ಸಾಲುಗಳನ್ನು ಓದಿದರೆ ಈಗ ಯಾರಿಗಾದರೂ ಅರ್ಥವಾಗುತ್ತದೆ:

```c
if (1 + 2 + payload + 16 > s->s3->rrec.length)
    return 0;
```

ಬಗೆಗೆ ಒಂದು, ಉದ್ದಕ್ಕೆ ಎರಡು, ಹೇಳಿಕೊಂಡ ಮಾತು, ಭರ್ತಿಗೆ ಹದಿನಾರು. ಇವೆಲ್ಲ ಕೂಡಿ ನಿಜವಾಗಿ ಬಂದದ್ದಕ್ಕಿಂತ ಹೆಚ್ಚಾದರೆ ಸಂದೇಶವನ್ನು ಎಸೆದುಬಿಡು. ಒಂದು ಕೂಡುವ ಲೆಕ್ಕ, ಒಂದು ಹೋಲಿಕೆ. ಈ ಲೆಕ್ಕವನ್ನು ಭಾಷೆ ಮಾಡುವುದಿಲ್ಲ, ಬರೆಯುವವನೇ ಮಾಡಬೇಕು ಎಂಬುದನ್ನು ಹಾರ್ಟ್‌ಬ್ಲೀಡ್‌ನಷ್ಟು ಸ್ಪಷ್ಟವಾಗಿ ಕಲಿಸುವ ಪಾಠ ಬೇರೆ ಸಿಗುವುದು ಕಷ್ಟ.

ಹಾಗಾದರೆ ಸಿ ಬಿಟ್ಟುಬಿಡುವುದೇ ಒಳ್ಳೆಯದಲ್ಲವೇ ಎಂದು ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ, ಕೇಳಬೇಕು ಕೂಡ. ಹೊಸದಾಗಿ ಬರೆಯುವ ಜಾಲತಾಣಕ್ಕೋ ಮೊಬೈಲ್ ಆ್ಯಪ್‌ಗೋ ಸಿ ಹಿಡಿಯಬೇಕಾಗಿಲ್ಲ. ಅಂತರ್ಜಾಲಕ್ಕೆ ಎದೆಯೊಡ್ಡಿ ನಿಲ್ಲುವ ಹೊಸ ಕೆಲಸಗಳಿಗೆ ರಸ್ಟ್‌ನಂಥ ಭಾಷೆಗಳು ಹೆಚ್ಚು ಸುರಕ್ಷಿತ. ಲಿನಕ್ಸ್ ಕರ್ನಲ್ ಕೂಡ 2022ರ ಡಿಸೆಂಬರಿನಲ್ಲಿ ಬಂದ 6.1ನೇ ಆವೃತ್ತಿಯಿಂದ ರಸ್ಟ್‌ಗೆ ಜಾಗ ಕೊಟ್ಟಿದೆ. ಆದರೆ ಆ ಕರ್ನಲ್ಲಿನ ಬಹುಪಾಲು ಈಗಲೂ ಸಿ. ಅದನ್ನು ಓದಿ ಸರಿಪಡಿಸುವವರು ಬೇಕು. ಇನ್ನು ರಸ್ಟ್ ಕಲಿಯುವವರು ಮೊದಲು ಎಡವುವುದು ಒಂದು ಜಾಗದ ಒಡೆಯ ಯಾರು, ಅದನ್ನು ಎಷ್ಟು ಹೊತ್ತು ಬಳಸಬಹುದು ಎಂಬ ಅದರ ಕಟ್ಟುನಿಟ್ಟುಗಳಲ್ಲಿ. ‘ರಾಜು’ವಿನ ಮೂರು ಬೈಟ್ ಹೊರಗೆ ಚೆಲ್ಲಿದ್ದನ್ನು ಕಣ್ಣಾರೆ ಕಂಡವರಿಗೆ ಆ ಕಟ್ಟುನಿಟ್ಟು ಯಾಕೆಂದು ಬಿಡಿಸಿ ಹೇಳಬೇಕಾಗುವುದಿಲ್ಲ.

ಕಣ್ಣಾರೆ ಕಾಣುವುದಕ್ಕೆ ಉಪಕರಣವೂ ಸರಿಯಿರಬೇಕು. ನಮ್ಮ ಎಷ್ಟೋ ಲ್ಯಾಬುಗಳಲ್ಲಿ ಸಿ ಎಂದರೆ ಬಹುಕಾಲ ಟರ್ಬೊ ಸಿಯ ನೀಲಿ ಪರದೆಯೇ ಆಗಿತ್ತು. ಅದರಲ್ಲಿ `int`ಗೆ ಎರಡೇ ಬೈಟ್, 32,767 ದಾಟಿದರೆ ಲೆಕ್ಕ ತಪ್ಪುತ್ತದೆ. ಯೂನಿಕೋಡ್ ಕನ್ನಡದ ಮಾತೇ ಇಲ್ಲ. ಕಾರ್ಯಾಗಾರಕ್ಕೆ ಬಂದವರು ಮೊದಲ ದಿನವೇ ಈ ಆಜ್ಞೆಯನ್ನು ರೂಢಿ ಮಾಡಿಕೊಳ್ಳಲಿ:

```sh
gcc -Wall -g -fsanitize=address hesaru.c -o hesaru
```

ಹೀಗೆ ಕಂಪೈಲ್ ಮಾಡಿ ‘ರಾಜು’ ಎಂದು ಟೈಪ್ ಮಾಡಿದರೆ ಪ್ರೋಗ್ರಾಂ ಅಲ್ಲೇ ನಿಂತು `stack-buffer-overflow` ಎಂದು ಹೇಳುತ್ತದೆ, ತಪ್ಪಿದ ಸಾಲಿನ ಸಂಖ್ಯೆಯನ್ನೂ ತೋರಿಸುತ್ತದೆ. ಇದಕ್ಕೂ ಮಿತಿಯಿದೆ. ‘ರವಿ’ ಎಂದು ಕೊಟ್ಟರೆ ಅದು ತುಟಿ ಬಿಚ್ಚುವುದಿಲ್ಲ, ಯಾಕೆಂದರೆ ಆ ಓಟದಲ್ಲಿ ಏನೂ ಚೆಲ್ಲಿಲ್ಲ. ಹಾಗಾಗಿ ವಿದ್ಯಾರ್ಥಿಗಳು ತಮ್ಮ ಪ್ರೋಗ್ರಾಮಿಗೆ ಮೊದಲು ತಮ್ಮ ಪೂರ್ತಿ ಹೆಸರನ್ನು, ಇನಿಷಿಯಲ್ ಬಿಡಿಸಿ, ಕನ್ನಡದಲ್ಲೇ ಬರೆದು ಕೊಡಲಿ. ಎಷ್ಟು ಬೈಟ್ ಆಗುತ್ತದೆ ಎಂದು ಓಡಿಸುವ ಮೊದಲೇ ಕಾಗದದ ಮೇಲೆ ಲೆಕ್ಕ ಹಾಕಿಟ್ಟುಕೊಳ್ಳಲಿ.