ಭುಜದ ಕೇಸ್: ಸ್ಪೆಷಲ್ ಟೆಸ್ಟ್ ಕೊನೆಗೇ ಇರಲಿ

ಅಮರಗೋಳದ ಎಪಿಎಂಸಿಯಲ್ಲಿ ಚೀಲ ಹೊರುವ, ಐವತ್ತರ ಆಸುಪಾಸಿನ ಹಮಾಲರೊಬ್ಬರು ನಿಮ್ಮ ಪ್ರಾಕ್ಟಿಕಲ್ ಕೇಸ್ ಎಂದಿಟ್ಟುಕೊಳ್ಳಿ. “ಬಲಗೈ ಮ್ಯಾಲ ಎತ್ತಾಕ ಆಗವಲ್ದರಿ, ರಾತ್ರಿ ಆ ಮಗ್ಗಲ ಮಲಗಾಕೂ ಬರೂದಿಲ್ಲ” ಎನ್ನುತ್ತಾರೆ. ತಕ್ಷಣ ನೀರ್ ಟೆಸ್ಟ್ ಮಾಡಿದರೆ ನೋವು ಬರಬಹುದು. ಆದರೆ ಫ್ರೋಜನ್ ಶೋಲ್ಡರ್ ಇದ್ದರೂ ಆ ನೋವು ಬರುತ್ತದೆ, ರೊಟೇಟರ್ ಕಫ್ ಹರಿದಿದ್ದರೂ ಬರುತ್ತದೆ. ಇವೆರಡನ್ನು ಬೇರೆ ಮಾಡುವುದು ಅದಕ್ಕೂ ಮುಂಚಿನ ಹೆಜ್ಜೆಗಳು.

ಕುತ್ತಿಗೆ ಆಡಿಸಿದಾಗ ಭುಜದ ನೋವು ಏಳುವುದಿಲ್ಲವೆಂದು ಖಚಿತಪಡಿಸಿಕೊಂಡು, ನೋವಿಲ್ಲದ ಎಡಗೈಯಿಂದ ಶುರು ಮಾಡಿ: “ಕಾಕಾ, ಮೊದಲ ಎಡಗೈ ಎತ್ರಿ.” ನಂತರ ಬಲಗೈ. ಅಬ್ಡಕ್ಷನ್‌ನಲ್ಲಿ 70 ಡಿಗ್ರಿಗೆ ನೋವು ಶುರುವಾಗಿ, 100ಕ್ಕೆ ಕೈ ನಿಂತಿತು. 60ರಿಂದ 120ರ ನಡುವಿನ ಈ ನೋವೇ ಪೇನ್‌ಫುಲ್ ಆರ್ಕ್‌ನ ಸುಳಿವು. ಅವರು ಭುಜ ಕುಣಿಸಿ, ಮೈ ಎಡಕ್ಕೆ ವಾಲಿಸಿ ಎತ್ತುತ್ತಿದ್ದರೆ ಅದನ್ನೂ ಬರೆದುಕೊಳ್ಳಿ. ಆಗ ಗೋನಿಯೋಮೀಟರ್ ತೋರಿಸುವ ಅಂಕಿ ಪೂರ್ತಿ ಭುಜದ ಕೀಲಿನದಲ್ಲ.

ಈಗ ಅವರು ಕೈ ಸಡಿಲ ಬಿಡಲಿ, ನೀವೇ ಎತ್ತಿ. 165ರವರೆಗೆ ಹೋಯಿತು. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು ಎಕ್ಸ್‌ಟರ್ನಲ್ ರೊಟೇಶನ್ ನೋಡಿದರೆ ಬಲಕ್ಕೆ 75, ಎಡಕ್ಕೆ 80. ಕೇಸ್ ತಿರುಗುವುದು ಇಲ್ಲೇ. ಫ್ರೋಜನ್ ಶೋಲ್ಡರ್‌ನಲ್ಲಿ ಕ್ಯಾಪ್ಸೂಲ್ ಬಿಗಿದಿರುವುದರಿಂದ ನೀವು ತಿರುಗಿಸಿದರೂ ಕೈ ತಿರುಗದು. ಎಲ್ಲಕ್ಕಿಂತ ಹೆಚ್ಚು ಕಡಿಮೆಯಾಗುವುದು ಈ ಎಕ್ಸ್‌ಟರ್ನಲ್ ರೊಟೇಶನ್ನೇ. ಇಲ್ಲಿ ಕೀಲು ಸಡಿಲವಾಗಿದೆ, ಎತ್ತುವ ಬಲ ಸೋತಿದೆ. ಅನುಮಾನ ಕಫ್‌ನತ್ತ ಹೋಗಬೇಕು.

ಸ್ಪೆಷಲ್ ಟೆಸ್ಟ್ ಈಗ ಮಾಡಿ. ಹಾಕಿನ್ಸ್-ಕೆನಡಿಗೆ ಭುಜ, ಮೊಣಕೈ ಎರಡನ್ನೂ 90 ಡಿಗ್ರಿಗೆ ಮಡಿಸಿ, ಕೈಯನ್ನು ಒಳಕ್ಕೆ ತಿರುಗಿಸಿ. ಎಂಪ್ಟಿ ಕ್ಯಾನ್‌ಗೆ ಕೈಯನ್ನು 90 ಡಿಗ್ರಿ ಎತ್ತಿಸಿ, ಪಕ್ಕದಿಂದ ಸುಮಾರು 30 ಡಿಗ್ರಿ ಮುಂದಕ್ಕೆ ತಂದು, ಹೆಬ್ಬೆರಳು ಕೆಳಕ್ಕೆ ಮಾಡಿಸಿ, ಮೇಲಿನಿಂದ ಮೆಲ್ಲಗೆ ಒತ್ತಿ. ಬರಿ ನೋವೋ, ಬಲವೇ ಇಲ್ಲವೋ ಎಂದು ಎಕ್ಸಾಮಿನರ್ ಕೇಳುವುದು ಈ ಹಂತದಲ್ಲೇ. ನೋವಿಗೆ ಹೆದರಿ ಕೈ ಬಿಟ್ಟರೆ ಅದನ್ನು ದೌರ್ಬಲ್ಯ ಎನ್ನಲಾಗದು. ಹೆಬ್ಬೆರಳು ಮೇಲಕ್ಕೆ ಮಾಡಿಸಿ ಮತ್ತೊಮ್ಮೆ ಒತ್ತಿ. ಈ ಭಂಗಿಯಲ್ಲಿ ಸಾಮಾನ್ಯವಾಗಿ ನೋವು ಕಡಿಮೆ. ಆಗಲೂ ಕೈ ಕುಸಿದರೆ ಸುಪ್ರಾಸ್ಪೈನೇಟಸ್ ಹರಿದಿರುವ ಅನುಮಾನ ಗಟ್ಟಿಯಾಗುತ್ತದೆ.

ವೈವಾದಲ್ಲಿ “ಹಾಕಿನ್ಸ್ ಪಾಸಿಟಿವ್, ಅದಕ್ಕೇ ಇಂಪಿಂಜ್‌ಮೆಂಟ್” ಎನ್ನಬೇಡಿ. ಅದು ನೋವನ್ನು ಎಬ್ಬಿಸುತ್ತದೆಯೇ ಹೊರತು ಯಾವ ಭಾಗ ಕೆಟ್ಟಿದೆ ಎಂದು ಹೇಳುವುದಿಲ್ಲ. “ತಾನಾಗಿ ಎತ್ತಿದರೆ 100, ನಾನು ಎತ್ತಿದರೆ 165, ಎಕ್ಸ್‌ಟರ್ನಲ್ ರೊಟೇಶನ್ ಉಳಿದಿದೆ, ಒತ್ತಿದಾಗ ಬಲವಿಲ್ಲ; ಕಫ್ ತೊಂದರೆಯ ಅನುಮಾನ, ಹರಿದಿದೆಯೇ ಎನ್ನುವುದಕ್ಕೆ ಸ್ಕ್ಯಾನ್ ಬೇಕು” ಎಂದು ಈ ಕ್ರಮದಲ್ಲೇ ಹೇಳಿ.