ನೂರು ಕುರ್ತಿ ಕಳಿಸಿದರೆ ಕೈಗೆ ಬರುವುದೆಷ್ಟು?

ಆ್ಯಪ್‌ಗಳಲ್ಲಿ ಕುರ್ತಿ ಮಾರುವವರನ್ನು ಒಂದಕ್ಕೆ ಎಷ್ಟು ಉಳಿಯುತ್ತದೆ ಎಂದು ಕೇಳಿ, ಥಟ್ಟನೆ ಹೇಳುತ್ತಾರೆ. ಮಾರುವ ಬೆಲೆ 600 ರೂಪಾಯಿ ಎಂದುಕೊಳ್ಳಿ. ಅಸಲು 300, ಆ್ಯಪಿನವರ ಕಮಿಷನ್ ಮತ್ತಿತರ ಶುಲ್ಕ 90, ಆ ಶುಲ್ಕದ ಮೇಲೆ ಶೇ 18ರ ಜಿಎಸ್‌ಟಿ ಸುಮಾರು 16, ಕೊರಿಯರ್ 70, ಕವರು-ಲೇಬಲ್ಲಿಗೆ 12. ಉಳಿದದ್ದು 112.

ಆ 16 ರೂಪಾಯಿಯನ್ನು ಬಹಳ ಮಂದಿ ಮರೆಯುತ್ತಾರೆ. 2023ರ ಅಕ್ಟೋಬರ್‌ನಿಂದ ಜಿಎಸ್‌ಟಿ ನೋಂದಣಿ ಇಲ್ಲದ ಸಣ್ಣ ವ್ಯಾಪಾರಿಗಳೂ ತಮ್ಮ ರಾಜ್ಯದೊಳಗೆ ಆ್ಯಪ್ ಮೂಲಕ ಸರಕು ಮಾರಬಹುದು. ಆದರೆ ಶುಲ್ಕದ ಮೇಲಿನ ತೆರಿಗೆ ಅವರಿಗೆ ವಾಪಸ್ ಸಿಗುವುದಿಲ್ಲ. ನೋಂದಣಿ ಇದ್ದವರು ಅದನ್ನು ಕ್ರೆಡಿಟ್ ಆಗಿ ಪಡೆಯುತ್ತಾರೆ, ಆದರೆ 600ರೊಳಗಿನ ತೆರಿಗೆಯನ್ನು ಬೇರೆ ಎತ್ತಿಡಬೇಕು.

ಇಷ್ಟಾದರೂ 112 ಎನ್ನುವುದು ಗಿರಾಕಿ ಇಟ್ಟುಕೊಂಡ ಕುರ್ತಿಯ ಲೆಕ್ಕ. ಬಟ್ಟೆಯಲ್ಲಿ ಎಲ್ಲರೂ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಒಂದನ್ನು ಬಿಟ್ಟು, ಕಳಿಸಿದ ನೂರನ್ನು ಹಿಡಿದು ಲೆಕ್ಕ ಹಾಕಬೇಕು.

ನೂರರಲ್ಲಿ 80 ಉಳಿದವು ಎನ್ನೋಣ. ಬಂದದ್ದು 8,960 ರೂಪಾಯಿ. ಹಿಂದೆ ಬಂದ 20ರಲ್ಲಿ 8 ಬಾಗಿಲಲ್ಲೇ ಬೇಡವೆನಿಸಿಕೊಂಡವು. ಕ್ಯಾಷ್ ಆನ್ ಡೆಲಿವರಿಯಲ್ಲಿ ಇದು ಹೆಚ್ಚು. ಇನ್ನು 12 ಅಳತೆ ಸರಿಯಿಲ್ಲ, ಬಣ್ಣ ಬೇರೆ ಎಂದು ವಾಪಸಾದವು. ಕಮಿಷನ್ ಮರಳಿ ಬಂದರೂ ಇಪ್ಪತ್ತಕ್ಕೂ ಕಳಿಸಿದ ಕೊರಿಯರ್, ಕವರು ಹೋದ ಹಾಗೆಯೇ: 1,640. ಆ 12ಕ್ಕೆ ವಾಪಸ್ ಸಾಗಣೆ ತಲಾ 90ರಂತೆ 1,080. ಅವುಗಳಲ್ಲಿ 3 ಲಿಪ್‌ಸ್ಟಿಕ್ ಕಲೆಯೊಡನೆಯೋ ಟ್ಯಾಗ್ ಕಿತ್ತೋ ಬಂದು ಮತ್ತೆ ಮಾರಲಾಗದಿದ್ದರೆ ಅಸಲು 900 ನಷ್ಟ. ಒಟ್ಟು 3,620 ಕಳೆದರೆ ಉಳಿಯುವುದು 5,340. ಮಾರಾಟವಾದ ಪ್ರತಿ ಕುರ್ತಿಗೆ ಸುಮಾರು 67 ರೂಪಾಯಿ.

ವಾಪಸಾತಿ ಏರಿದರೆ ಎರಡು ಕಡೆಯಿಂದ ಪೆಟ್ಟು: ಲಾಭ ಕೊಡುವ ಕುರ್ತಿ ಕಡಿಮೆಯಾಗುತ್ತದೆ, ಖರ್ಚು ಹೇರುವುದು ಹೆಚ್ಚುತ್ತದೆ. ಇದೇ ದರಗಳಲ್ಲಿ ಮೂವತ್ತು ವಾಪಸ್ ಬಂದರೆ 67 ಇದ್ದದ್ದು 34ಕ್ಕೆ ಇಳಿಯುತ್ತದೆ. ನಲವತ್ತಾದರೆ ಕೈಯಿಂದಲೇ 520 ಹೋಗುತ್ತದೆ. ಹಬ್ಬದ ಸೇಲಿಗೆಂದು 50 ರೂಪಾಯಿ ಇಳಿಸುವವರು ಅದನ್ನು 600ರ ಜೊತೆ ಹೋಲಿಸುತ್ತಾರೆ. ನಿಜವಾಗಿ ಹೋಗುವುದು ಆ 67ರಿಂದ.

ಒಂದು ತೊಡಕು ತಿಂಗಳದ್ದು. ಅಕ್ಟೋಬರ್ ಕೊನೆಯಲ್ಲಿ ಕಳಿಸಿದ್ದರ ವಾಪಸಾತಿ ನವೆಂಬರ್ ಪಾವತಿಯಲ್ಲಿ ಕಡಿತವಾಗುತ್ತದೆ. ಬ್ಯಾಂಕಿಗೆ ಬಂದ ಹಣ ನೋಡಿದರೆ ದೀಪಾವಳಿ ಚಿನ್ನದಂತೆ ಕಾಣುತ್ತದೆ, ಮುಂದಿನ ತಿಂಗಳು ದಿಗಿಲು. ಪಾವತಿ ಪಟ್ಟಿಯ ಪ್ರತಿ ಆರ್ಡರ್ ಸಂಖ್ಯೆಯನ್ನೂ ಅದು ಹೊರಟ ತಿಂಗಳಿಗೇ ಸೇರಿಸಿ, ವಾಪಸ್ ಅವಧಿ ಮುಗಿದ ಮೇಲೆ ಕೂಡಿಸಬೇಕು. ಹಾಗೆ ಕೂಡಿಸುವಾಗ ಅಳತೆವಾರು ಬೇರೆ ಮಾಡಿಟ್ಟರೆ ಇನ್ನೂ ಒಳ್ಳೆಯದು. ಎಕ್ಸ್‌ಎಲ್ ಒಂದೇ ಹೆಚ್ಚು ವಾಪಸ್ ಬರುತ್ತಿದ್ದರೆ, ಬೆಲೆ ಮುಟ್ಟುವ ಮೊದಲು ಟೇಪು ಹಿಡಿದು ಎದೆ ಸುತ್ತಳತೆ ನೋಡಿ, ಆ್ಯಪಿನ ಸೈಜ್ ಚಾರ್ಟ್ ತಿದ್ದಬೇಕು.