‘ಎಷ್ಟಾಗುತ್ತೆ?’ ಎಂಬ ಪ್ರಶ್ನೆಗೆ ಪುಟದಲ್ಲೇ ಉತ್ತರ

ಮನೆ ಕಟ್ಟಿಸಲು ಹೊರಟವರು ಕಂಟ್ರಾಕ್ಟರನ್ನು ಮೊದಲು ಕೇಳುವುದು ‘ಚದರಕ್ಕೆ ಎಷ್ಟು?’ ಎಂದು. ನೂರು ಚದರಡಿ ಸೇರಿದರೆ ಒಂದು ಚದರ. ಹನ್ನೆರಡು ಚದರದ ಮನೆಗೆ ಹತ್ತಿರ ಹತ್ತಿರ ಎಷ್ಟು ಬೇಕಾದೀತು ಎಂಬುದು ಅಲ್ಲೇ ನಿಂತು ಲೆಕ್ಕ ಹಾಕುವ ಮಾತು. ಆದರೆ ಅದೇ ವ್ಯಕ್ತಿ ತನ್ನ ಗೋದಾಮಿಗೆ ಸಾಫ್ಟ್‌ವೇರ್ ಮಾಡಿಸಲು ಹೊರಟರೆ ಕೈಗೆ ಸಿಗುವ ಅಳತೆಯೇ ಇಲ್ಲ. ಸಾಫ್ಟ್‌ವೇರ್ ಕನ್ಸಲ್ಟೆನ್ಸಿಯ ವೆಬ್‌ಸೈಟ್ ತೆರೆದರೆ ‘ಗಂಟೆಗೆ 1,200 ರೂಪಾಯಿ’ ಎಂದಿರುತ್ತದೆ, ಇಲ್ಲವೇ ‘ದರಕ್ಕಾಗಿ ಸಂಪರ್ಕಿಸಿ’ ಎಂದಿರುತ್ತದೆ. ಎಷ್ಟು ಗಂಟೆ ಹಿಡಿಯುತ್ತದೆ ಎಂಬುದು ಗೊತ್ತಿಲ್ಲದವರಿಗೆ ಗಂಟೆಯ ದರ ಕಟ್ಟಿಕೊಂಡು ಏನೂ ಆಗಬೇಕಿಲ್ಲ. ಅವರು ಪುಟ ಮುಚ್ಚಿ ಮುಂದಕ್ಕೆ ಹೋಗುತ್ತಾರೆ.

ದರ ಬರೆಯದಿರಲು ಕನ್ಸಲ್ಟೆನ್ಸಿಗಳು ಕೊಡುವ ಕಾರಣ ಸುಳ್ಳಲ್ಲ. ಪ್ರತಿಯೊಂದು ಕೆಲಸವೂ ಬೇರೆ, ನೋಡದೆ ಹೇಳಿದ ಬೆಲೆ ತಪ್ಪಿದರೆ ನಷ್ಟ ಅವರದೇ. ಹಾಗೆಂದು ಬಾಯಿ ಮುಚ್ಚಿಕೊಂಡರೂ ನಷ್ಟ ತಪ್ಪುವುದಿಲ್ಲ. ಐವತ್ತು ಸಾವಿರದಲ್ಲಿ ಎಲ್ಲ ಮುಗಿಯಬೇಕೆನ್ನುವವರ ಕರೆಗಳು ದಿನವಿಡೀ ಬರುತ್ತವೆ; ಏಳೆಂಟು ಲಕ್ಷ ಹಾಕಲು ಸಿದ್ಧವಿರುವವರು ‘ಇವರು ನಮ್ಮ ಕೈಗೆಟುಕುವವರಲ್ಲ’ ಎಂದು ತಾವೇ ಊಹಿಸಿಕೊಂಡು ಸುಮ್ಮನಾಗುತ್ತಾರೆ.

ಇದಕ್ಕೊಂದು ದಾರಿ ಇಪ್ಪತ್ತು ವರ್ಷಗಳ ಹಿಂದೆಯೇ ಕಂಡಿತ್ತು. ಅಮೆರಿಕದ ಷಿಕಾಗೋದಲ್ಲಿ 1999ರಲ್ಲಿ ಶುರುವಾದ ‘37ಸಿಗ್ನಲ್ಸ್’ ಇಂದು ಬೇಸ್‌ಕ್ಯಾಂಪ್ ಎಂಬ ಉತ್ಪನ್ನದಿಂದ ಹೆಸರಾಗಿದೆ. 2004ರಲ್ಲಿ ಬೇಸ್‌ಕ್ಯಾಂಪ್ ಬರುವ ಮೊದಲು ಅದು ಬೇರೆಯವರಿಗೆ ವೆಬ್‌ಸೈಟ್ ವಿನ್ಯಾಸ ಮಾಡಿಕೊಡುವ ಪುಟ್ಟ ಸಂಸ್ಥೆ. ಆ ದಿನಗಳಲ್ಲಿ ಅದು ‘37ಎಕ್ಸ್‌ಪ್ರೆಸ್’ ಎಂಬ ಸೇವೆಯನ್ನು ಮುಂದಿಟ್ಟಿತು: ಗಿರಾಕಿಯ ವೆಬ್‌ಸೈಟಿನ ಒಂದೇ ಒಂದು ಪುಟಕ್ಕೆ ಒಂದು ವಾರದಲ್ಲಿ ಹೊಸ ವಿನ್ಯಾಸ, ಅದಕ್ಕೆ ಕೆಲವು ಸಾವಿರ ಡಾಲರಿನ ನಿಗದಿತ ಬೆಲೆ. ಇಡೀ ವೆಬ್‌ಸೈಟಿಗೆ ಎಷ್ಟಾಗುತ್ತದೆ ಎಂದು ಅವರು ಮೊದಲೇ ಹೇಳಬೇಕಾಗಲಿಲ್ಲ. ಗಿರಾಕಿಯೂ ದೊಡ್ಡ ಮೊತ್ತಕ್ಕೆ ಕಣ್ಣು ಮುಚ್ಚಿ ಸಹಿ ಹಾಕಬೇಕಾಗಲಿಲ್ಲ. ಆರಂಭ, ಅಂತ್ಯ ಎರಡೂ ಗೊತ್ತಿರುವ ಒಂದು ತುಂಡು ಕೆಲಸಕ್ಕೆ ಮಾತ್ರ ಬೆಲೆ ಕಟ್ಟಿದ್ದರು. ಒಳ್ಳೆಯ ದರದ ಪುಟದ ಗುಟ್ಟೆಲ್ಲ ಬಹುಪಾಲು ಇದರಲ್ಲೇ ಇದೆ.

ಇದನ್ನು ನಮ್ಮ ನೆಲದ ಒಂದು ಉದಾಹರಣೆಗೆ ಹೊಂದಿಸಿ ನೋಡಬಹುದು. ಹುಬ್ಬಳ್ಳಿಯಲ್ಲಿ ಏಳು ಜನರ ಒಂದು ಕನ್ಸಲ್ಟೆನ್ಸಿ ಇದೆ ಎಂದಿಟ್ಟುಕೊಳ್ಳೋಣ. ಸಗಟು ವ್ಯಾಪಾರಿಗಳು, ಕ್ಲಿನಿಕ್‌ಗಳು, ಶಾಲೆಗಳು ಅದರ ಗಿರಾಕಿಗಳು. ಅದರ ದರದ ಪುಟದಲ್ಲಿ ‘ಬೇಸಿಕ್, ಸ್ಟ್ಯಾಂಡರ್ಡ್, ಎಂಟರ್‌ಪ್ರೈಸ್’ ಎಂಬ ಮೂರು ಕಾಲಂಗಳಿವೆ. ಇದು ತಿಂಗಳ ಚಂದಾಕ್ಕೆ ಸಾಫ್ಟ್‌ವೇರ್ ಮಾರುವ ಕಂಪನಿಗಳಿಂದ ಎರವಲು ತಂದ ರೂಪ. ಅಲ್ಲಿ ಸರಕು ಒಂದೇ, ಪ್ರಮಾಣ ಮಾತ್ರ ಬೇರೆ ಬೇರೆ. ಆದ್ದರಿಂದ ಕಾಲಂಗಳು ಅಲ್ಲಿ ಒಪ್ಪುತ್ತವೆ. ಇಲ್ಲಿ ಹಳೆಯ ಸಾಫ್ಟ್‌ವೇರ್ ರಿಪೇರಿ ಮಾಡಿಸಲು ಬಂದವನಿಗೂ ಹೊಸದು ಕಟ್ಟಿಸಲು ಬಂದವನಿಗೂ ಬೇಕಾದ ಸರಕೇ ಬೇರೆ. ‘ಸ್ಟ್ಯಾಂಡರ್ಡ್’ ತನಗೆ ಸಲ್ಲುತ್ತದೆಯೋ ಇಲ್ಲವೋ ಎಂದು ಇಬ್ಬರಿಗೂ ತಿಳಿಯುವುದಿಲ್ಲ.

ಪುಟವನ್ನು ಹೊಸದಾಗಿ ಮಾಡುವ ಕೆಲಸ ಶುರುವಾಗಬೇಕಾದದ್ದು ಹಳೆಯ ಬಿಲ್ಲುಗಳಿಂದ. ಕಳೆದ ಹನ್ನೆರಡು ಕೆಲಸಗಳ ಬಿಲ್ಲುಗಳನ್ನು ಹರಡಿಕೊಂಡು ಗಿರಾಕಿ ಬಂದ ಕಾರಣಕ್ಕೆ ತಕ್ಕಂತೆ ಗುಂಪು ಮಾಡಿದರೆ ಸಾಮಾನ್ಯವಾಗಿ ಮೂರು ರಾಶಿಗಳಾಗುತ್ತವೆ: ಇರುವ ಸಾಫ್ಟ್‌ವೇರ್ ಸರಿಪಡಿಸುವುದು, ಹೊಸದು ಕಟ್ಟುವುದು, ಕಟ್ಟಿದ್ದನ್ನು ತಿಂಗಳು ತಿಂಗಳು ನೋಡಿಕೊಳ್ಳುವುದು. ಪುಟದ ಮೂರು ಭಾಗಗಳಿಗೂ ಇವೇ ಹೆಸರು, ಅದೂ ಗಿರಾಕಿಯ ಮಾತಿನಲ್ಲೇ.

ಹೊಸದು ಕಟ್ಟಿದ ಐದು ಕೆಲಸಗಳ ಬಿಲ್ಲು ಕ್ರಮವಾಗಿ 4.5, 5.2, 6.1, 7.4 ಮತ್ತು 11.3 ಲಕ್ಷ ರೂಪಾಯಿ ಆಗಿದ್ದವೆನ್ನಿ. ಆಗ ಪುಟದಲ್ಲಿ ಬರೆಯಬೇಕಾದ ಸಾಲು ಇದು: ‘4.5 ಲಕ್ಷದಿಂದ ಶುರು. ಹೆಚ್ಚಿನ ಕೆಲಸಗಳು 5ರಿಂದ 7.5 ಲಕ್ಷದೊಳಗೆ ಮುಗಿದಿವೆ.’ ಜನರನ್ನು ಸೆಳೆಯಲೆಂದು ‘2 ಲಕ್ಷದಿಂದ ಶುರು’ ಎಂದು ಬರೆಯುವ ಆಸೆ ಎಲ್ಲರಿಗೂ ಬರುತ್ತದೆ. ಆದರೆ ಆ ಮೊತ್ತಕ್ಕೆ ಒಂದು ಕೆಲಸವನ್ನೂ ಮಾಡಿಕೊಟ್ಟಿರದಿದ್ದರೆ ಮೊದಲ ಭೇಟಿಯಲ್ಲೇ ನಂಬಿಕೆ ಮುರಿಯುತ್ತದೆ. ಇತ್ತೀಚೆಗೆ ನಿಜವಾಗಿಯೂ ಬಿಲ್ಲಾದ ಮೊತ್ತ ಮಾತ್ರ ಶುರುವಿನ ದರವಾಗಬೇಕು.

ದರದ ಶ್ರೇಣಿಯೊಂದನ್ನೇ ಬರೆದರೂ ಅರ್ಧ ಗೊಂದಲ ಉಳಿಯುತ್ತದೆ. ತಾನು ಐದರ ಕಡೆಯವನೋ ಏಳೂವರೆಯ ಕಡೆಯವನೋ ಎಂಬುದು ಓದುವವನಿಗೆ ಗೊತ್ತಾಗಬೇಕು. ಅದಕ್ಕೆ ಒಂದು ಕೆಲಸವನ್ನು ಪುಟದಲ್ಲೇ ಬಿಡಿಸಿ ತೋರಿಸುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಎರಡು ಶಾಖೆಗಳಿರುವ ಔಷಧ ಸಗಟು ವ್ಯಾಪಾರಿಗೆ ಸ್ಟಾಕ್ ಮತ್ತು ಆರ್ಡರ್ ನೋಡಿಕೊಳ್ಳುವ ಸಾಫ್ಟ್‌ವೇರ್ ಬೇಕು. ಒಂದು ಶಾಖೆಗೆ ಮೂಲ ಕೆಲಸ 4.5 ಲಕ್ಷ. ಎರಡನೆಯ ಶಾಖೆ ಸೇರಿಸಲು 70 ಸಾವಿರ. ಲೆಕ್ಕಪತ್ರ ಟ್ಯಾಲಿಯಲ್ಲಿದೆ, ಅದರೊಂದಿಗೆ ಜೋಡಿಸಲು 1.2 ಲಕ್ಷ. ಎಕ್ಸೆಲ್ ಹಾಳೆಗಳಲ್ಲಿ ಚದುರಿರುವ ಆರು ಸಾವಿರ ಔಷಧಗಳ ಪಟ್ಟಿಯನ್ನು ಸ್ವಚ್ಛಗೊಳಿಸಿ ಒಳಗೆ ತರಲು 60 ಸಾವಿರ. ಒಟ್ಟು 7 ಲಕ್ಷ. ಇದನ್ನು ಓದಿದ ಒಂದೇ ಶಾಖೆಯ ವ್ಯಾಪಾರಿ, ಟ್ಯಾಲಿ ಜೋಡಣೆಯೂ ಬೇಡವೆಂದರೆ ತನಗೆ ಐದು ಲಕ್ಷದ ಆಸುಪಾಸು ಸಾಕು ಎಂದು ತಾನೇ ಲೆಕ್ಕ ಹಾಕಿಕೊಳ್ಳುತ್ತಾನೆ. ಚದರದ ಲೆಕ್ಕದಂಥ ಹಿಡಿತ ಅವನಿಗೆ ಸಿಗುವುದು ಆಗಲೇ.

ಮೊತ್ತದ ಪಕ್ಕದಲ್ಲೇ ತೆರಿಗೆಯೂ ಇರಬೇಕು. ಸಾಫ್ಟ್‌ವೇರ್ ಸೇವೆಗೆ ಭಾರತದಲ್ಲಿ ಜಿಎಸ್‌ಟಿ ಶೇ 18. ಹಾಗಾಗಿ 7 ಲಕ್ಷದ ಕೆಲಸಕ್ಕೆ ಕಟ್ಟಬೇಕಾದದ್ದು 8.26 ಲಕ್ಷ. ಜಿಎಸ್‌ಟಿ ನೋಂದಣಿ ಇರುವ ಔಷಧ ವ್ಯಾಪಾರಿ ಆ 1.26 ಲಕ್ಷವನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹೊಂದಿಸಿಕೊಳ್ಳಬಲ್ಲ. ಆದರೆ ಚಿಕಿತ್ಸೆ ಮತ್ತು ಶಾಲಾ ಶಿಕ್ಷಣದ ಸೇವೆಗಳಿಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಕ್ಲಿನಿಕ್‌ಗೂ ಶಾಲೆಗೂ ಆ ಕ್ರೆಡಿಟ್ ಸಿಗುವುದಿಲ್ಲ. ಅವರ ಪಾಲಿಗೆ ಅದು ಕೈಯಿಂದ ಹೋಗುವ ದುಡ್ಡು. ಸಣ್ಣಕ್ಷರದಲ್ಲಿ ‘ತೆರಿಗೆ ಪ್ರತ್ಯೇಕ’ ಎಂದು ಬರೆದು ಬಿಟ್ಟರೆ ಕೊನೆಯ ಗಳಿಗೆಯಲ್ಲಿ ಮಾತುಕತೆ ಮುರಿದು ಬೀಳುವುದು ಇಂಥವರ ಜೊತೆಯೇ. ಎರಡೂ ಮೊತ್ತಗಳನ್ನು ಒಂದೇ ಗಾತ್ರದ ಅಕ್ಷರದಲ್ಲಿ ಬರೆಯುವುದು ಒಳ್ಳೆಯದು. ಸರ್ವರ್ ಬಾಡಿಗೆ, ಎಸ್‌ಎಂಎಸ್ ಖರ್ಚು, ಆ್ಯಪ್ ಸ್ಟೋರ್ ಶುಲ್ಕ ಯಾರದು ಎಂಬುದಕ್ಕೂ ಅಲ್ಲೇ ಒಂದು ಸಾಲು ಬೇಕು.

ಇಷ್ಟಾದರೂ ಏಳು ಲಕ್ಷದ ಕೆಲಸಕ್ಕೆ ಫೋನ್ ಎತ್ತಿಕೊಳ್ಳಲು ಗಿರಾಕಿ ಹಿಂಜರಿಯುತ್ತಾನೆ. 37ಎಕ್ಸ್‌ಪ್ರೆಸ್‌ನ ಪಾಠ ಕೆಲಸಕ್ಕೆ ಬರುವುದು ಇಲ್ಲಿ. ಹುಬ್ಬಳ್ಳಿಯ ಸಂಸ್ಥೆ ಪುಟದ ಮೇಲ್ಭಾಗದಲ್ಲೇ ಒಂದು ಸಣ್ಣ ಕೆಲಸಕ್ಕೆ ನಿಗದಿತ ಬೆಲೆ ಇಡಬಹುದು: ಹತ್ತು ಕೆಲಸದ ದಿನಗಳ ಅಧ್ಯಯನ, 60 ಸಾವಿರ ರೂಪಾಯಿ, ಜಿಎಸ್‌ಟಿ ಸೇರಿ 70,800. ಈ ಅವಧಿಯಲ್ಲಿ ಇಬ್ಬರು ಗೋದಾಮಿಗೆ ಬಂದು ಆರ್ಡರ್ ಹೇಗೆ ಬರುತ್ತದೆ, ಎಲ್ಲಿ ತಪ್ಪುತ್ತದೆ ಎಂದು ನೋಡುತ್ತಾರೆ. ಕೊನೆಗೆ ಗಿರಾಕಿಯ ಕೈಗೆ ಸಿಗುವುದು ಬೇಕಾದ ಪರದೆಗಳ ಪಟ್ಟಿ, ಯಾವುದು ಮೊದಲು ಯಾವುದು ಆಮೇಲೆ ಎಂಬ ಕ್ರಮ, ಮೊದಲ ಹಂತದ ಖಚಿತ ಬೆಲೆ. ಆ ವರದಿ ಗಿರಾಕಿಯದೇ ಸ್ವತ್ತು, ಅದನ್ನು ಹಿಡಿದುಕೊಂಡು ಬೇರೆ ಸಂಸ್ಥೆಯಿಂದಲೂ ಕೊಟೇಶನ್ ಕೇಳಬಹುದು ಎಂದು ಸ್ಪಷ್ಟವಾಗಿ ಬರೆದಿರಬೇಕು. ಈ ಮಾತಿಲ್ಲದಿದ್ದರೆ ಅಧ್ಯಯನದ ಶುಲ್ಕವೆನ್ನುವುದು ಗಿರಾಕಿಯ ಕಣ್ಣಿಗೆ ಮುಂಗಡದಂತೆಯೇ ಕಾಣುತ್ತದೆ.

ಪುಟದ ಕೊನೆಗೆ ಬರುವ ಫಾರ್ಮ್‌ನಲ್ಲಿ ಐದು ಪ್ರಶ್ನೆ ಸಾಕು: ಹೆಸರು, ಫೋನ್ ಅಥವಾ ಇಮೇಲ್, ಈಗ ಯಾವುದು ತೊಂದರೆ ಕೊಡುತ್ತಿದೆ, ಯಾವಾಗ ಬೇಕು, ಎಷ್ಟರೊಳಗೆ ಆಗಬೇಕು. ಕೊನೆಯ ಪ್ರಶ್ನೆಗೆ ಮೇಲೆ ಬರೆದ ದರಗಳೇ ಆಯ್ಕೆಗಳಾಗಿರಲಿ, ಜೊತೆಗೆ ‘ಇನ್ನೂ ಗೊತ್ತಿಲ್ಲ’ ಎಂಬುದೂ ಇರಲಿ. ಕಳಿಸುವ ಬಟನ್‌ನ ಕೆಳಗೆ ಯಾರು, ಯಾವಾಗ ಉತ್ತರಿಸುತ್ತಾರೆ ಎಂದು ಬರೆದರೆ ಒಳ್ಳೆಯದು: ‘ನಾಳೆ ಸಂಜೆಯೊಳಗೆ ಸಾಫ್ಟ್‌ವೇರ್ ಬರೆಯುವವರೇ ಒಬ್ಬರು ನಿಮಗೆ ಫೋನ್ ಮಾಡುತ್ತಾರೆ, ಇಪ್ಪತ್ತು ನಿಮಿಷ ಮಾತಾಡುತ್ತಾರೆ.’ ‘ಈ ತಿಂಗಳಿಗೆ ಎರಡೇ ಜಾಗ ಬಾಕಿ’ ಎಂಬಂಥ ಸುಳ್ಳು ಆತುರಕ್ಕೆ ಇಲ್ಲಿ ಎಡೆಯಿಲ್ಲ. ಗ್ರಾಹಕರನ್ನು ಹೀಗೆ ಅವಸರಪಡಿಸುವುದನ್ನೂ ಖರ್ಚುಗಳನ್ನು ಕೊನೆಗೆ ಒಂದೊಂದಾಗಿ ಹೊರತೆಗೆಯುವುದನ್ನೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2023ರ ಮಾರ್ಗಸೂಚಿ ಮೋಸದ ವಿನ್ಯಾಸಗಳ ಪಟ್ಟಿಗೆ ಸೇರಿಸಿದೆ.

ಹೊಸ ಪುಟ ಹಳೆಯದಕ್ಕಿಂತ ಚೆನ್ನಾಗಿದೆಯೇ? ದೊಡ್ಡ ಕಂಪನಿಗಳು ಎರಡು ಪುಟಗಳನ್ನು ಏಕಕಾಲಕ್ಕೆ ಓಡಿಸಿ ಹೋಲಿಸುತ್ತವೆ. ಸಣ್ಣ ಸಂಸ್ಥೆಗೆ ಅದು ಆಗದ ಮಾತು. ನೂರಕ್ಕೆ ಇಬ್ಬರು ಎನ್‌ಕ್ವೈರಿ ಕಳಿಸುತ್ತಿದ್ದದ್ದು ಮೂವರಾಯಿತು ಎಂದು ಸಂಖ್ಯಾಶಾಸ್ತ್ರ ಒಪ್ಪುವಂತೆ ಸಾಬೀತು ಮಾಡಲು ಒಂದೊಂದು ಪುಟಕ್ಕೂ ಸುಮಾರು 3,800 ಜನ ಬರಬೇಕು. ತಿಂಗಳಿಗೆ 300 ಜನ ಬರುವ ಪುಟಕ್ಕೆ ಇದಕ್ಕೆ ಎರಡು ವರ್ಷ ದಾಟುತ್ತದೆ. ಅದರ ಬದಲು ಗಿರಾಕಿಗಳಂಥದೇ ವ್ಯವಹಾರ ನಡೆಸುವ ಐದು ಜನರಿಗೆ ಪುಟ ತೋರಿಸಿ, ಮೂರು ಪ್ರಶ್ನೆ ಕೇಳಬಹುದು: ನಿಮ್ಮ ಕೆಲಸಕ್ಕೆ ಎಷ್ಟಾಗಬಹುದು, ಆ ದುಡ್ಡಿಗೆ ಏನೇನು ಸಿಗುತ್ತದೆ, ಈಗ ನೀವು ಏನು ಮಾಡಬೇಕು? ಒಂದೇ ಬಗೆಯ ಕೆಲಸಕ್ಕೆ ಒಬ್ಬರು ಎರಡು ಲಕ್ಷ, ಇನ್ನೊಬ್ಬರು ಹತ್ತು ಲಕ್ಷ ಎಂದರೆ ದರದ ಭಾಗ ಇನ್ನೂ ಗೊಂದಲದಲ್ಲಿದೆ ಎಂದರ್ಥ.

ಪುಟ ಬದಲಾದ ಮೇಲೆ ಎನ್‌ಕ್ವೈರಿಗಳ ಲೆಕ್ಕವನ್ನೂ ಬೇರೆ ರೀತಿಯಲ್ಲಿ ಇಡಬೇಕಾಗುತ್ತದೆ. ತಿಂಗಳಿಗೆ ಇಪ್ಪತ್ತು ಬರುತ್ತಿದ್ದದ್ದು ಹನ್ನೆರಡಕ್ಕೆ ಇಳಿದು, ಕೊಟೇಶನ್‌ವರೆಗೆ ಹೋಗುವವು ಮೂರರಿಂದ ಐದಕ್ಕೆ ಏರಿದರೆ ಪುಟ ತನ್ನ ಕೆಲಸ ಮಾಡುತ್ತಿದೆ. ಎನ್‌ಕ್ವೈರಿ ಹೆಚ್ಚಿ ಕೊಟೇಶನ್ ಹೆಚ್ಚದಿದ್ದರೆ ಶುರುವಿನ ದರ ವಾಸ್ತವಕ್ಕಿಂತ ಕೆಳಗಿದೆಯೇ ಎಂದು ನೋಡಬೇಕು.

ಈ ವಿಧಾನ ಎಲ್ಲ ಕಡೆಗೂ ಹೊಂದುವುದಿಲ್ಲ. ಸರ್ಕಾರಿ ಇಲಾಖೆಗಳು ಕೊಳ್ಳುವುದು ಟೆಂಡರ್ ಮೂಲಕ. ಬ್ಯಾಂಕುಗಳಂಥ ದೊಡ್ಡ ಸಂಸ್ಥೆಗಳಿಗೆ ಅವರದೇ ಖರೀದಿ ವಿಭಾಗವಿರುತ್ತದೆ. ಅಂಥವರಿಗೆ ಪುಟದ ಶ್ರೇಣಿ ನೋಡಿ ತೀರ್ಮಾನಿಸುವ ಅಗತ್ಯವಿಲ್ಲ. ಅಧ್ಯಯನದ ದರ, ಹಿಂದೆ ಮಾಡಿದ ಕೆಲಸಗಳ ವಿವರ ಇದ್ದರೆ ಸಾಕು. ಮಾಲೀಕನೇ ಕುಳಿತು ನಿರ್ಧರಿಸುವ ಅಂಗಡಿ, ಕ್ಲಿನಿಕ್, ಶಾಲೆಗಳಿಗಾಗಿ ಬರೆದ ದರಗಳು ಮಾತ್ರ ಹಳತಾಗಬಾರದು. ದರ ಯಾವ ತಿಂಗಳಿನದು ಎಂದು ಪುಟದಲ್ಲೇ ಬರೆದು, ಆರು ತಿಂಗಳಿಗೊಮ್ಮೆ ಹೊಸ ಬಿಲ್ಲುಗಳ ಪಕ್ಕ ಇಟ್ಟು ನೋಡಿದರೆ, ಪುಟದ ಶ್ರೇಣಿಯಿಂದ ಹೊರಗೆ ಹೋದ ಕೆಲಸಗಳು ಎಷ್ಟು, ಯಾಕೆ ಹೋದವು ಎಂಬುದು ತಿಳಿಯುತ್ತದೆ. ಮೂರರಲ್ಲಿ ಎರಡು ಬಿಲ್ಲುಗಳು 7.5 ಲಕ್ಷ ದಾಟಿದ್ದರೆ ‘5ರಿಂದ 7.5’ ಎಂಬ ಸಾಲನ್ನು ಅಂದೇ ತಿದ್ದಬೇಕು.